ಐದನೆಯ ಸಾಲಿನ ಮೊದಲ ಗುಲಗಂಜಿ: ತಿಂಗಳಿಗೆ 200 ರೂಪಾಯಿ ಬೆಳೆಯುವ ಬಗೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಸ್ವಸಹಾಯ ಸಂಘದ ಪ್ರತಿನಿಧಿ. ನಾವು 15 ಜನ. ಸಂಘದ ವಾರದ ಉಳಿತಾಯವಲ್ಲದೆ ಪ್ರತಿಯೊಬ್ಬರೂ ಅಂಚೆ ಕಚೇರಿಯ ಆರ್‌ಡಿಗೆ ತಿಂಗಳಿಗೆ 200 ರೂಪಾಯಿ ಕಟ್ಟುತ್ತಿದ್ದೇವೆ, ಎರಡು ವರ್ಷ ತುಂಬಿತು. "4,800 ಕಟ್ಟಿದ್ದಕ್ಕೆ ಬಡ್ಡಿ 350 ರೂಪಾಯಿಯೂ ಆಗಿಲ್ಲ, ಇದರಲ್ಲಿ ಬೆಳೆಯುವುದೇನು? ಐದು ವರ್ಷಕ್ಕೆ ತೆಗೆದು ಓಲೆ ಮಾಡಿಸಿಕೊಳ್ಳೋಣ" ಎನ್ನುತ್ತಾರೆ ಸದಸ್ಯರು. ಬರುವ ಸಭೆಯಲ್ಲಿ ಈ ವಿಷಯ ನಾನೇ ಮಾತಾಡಬೇಕು. ಲೆಕ್ಕ ಸಮೇತ ಹೇಗೆ ಹೇಳಲಿ?

ಉತ್ತರ: ನಿಮ್ಮ ಸದಸ್ಯರು ಹೇಳುತ್ತಿರುವ ಅಂಕಿ ಸರಿಯಾಗಿಯೇ ಇದೆ. ಆದ್ದರಿಂದ ಅವರ ಮಾತನ್ನು ಒಪ್ಪಿಕೊಂಡೇ ಸಭೆಯನ್ನು ಆರಂಭಿಸಿ. ಎರಡು ವರ್ಷಕ್ಕೆ ಬರುವ ಬಡ್ಡಿ ಸುಮಾರು 347 ರೂಪಾಯಿ. ಐದು ವರ್ಷಕ್ಕೆ ಬರುವುದು ಸುಮಾರು 2,273. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಐದು ವರ್ಷದ ಆ 2,273ರಲ್ಲಿ ಹಿಂದಿನ ವರ್ಷಗಳ ಬಡ್ಡಿಯ ಮೇಲೆ ಬಡ್ಡಿಯಾಗಿ ಬಂದದ್ದು ಕೇವಲ 182 ರೂಪಾಯಿ ಎಂಬುದನ್ನು ನೀವೇ ಹೇಳಿಬಿಡಿ. ಸಭೆಗಳಲ್ಲಿ ಚಕ್ರಬಡ್ಡಿಯ ಬಗ್ಗೆ ಮಾತಾಡುವವರು ಈ 182ನ್ನು ಮುಚ್ಚಿಟ್ಟು ಇಪ್ಪತ್ತು ವರ್ಷದ ದೊಡ್ಡ ಮೊತ್ತವನ್ನು ಮೊದಲು ತೋರಿಸುತ್ತಾರೆ. ಕೇಳುವವರು ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಪಾಸ್‌ಬುಕ್ ತೆಗೆದು ನೋಡುತ್ತಾರೆ, ಅಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಒಮ್ಮೆ ಹೋದ ನಂಬಿಕೆ ಮುಂದಿನ ಸಭೆಗೆ ವಾಪಸು ಬರುವುದು ಕಷ್ಟ.

ನಾನು ಬ್ಯಾಂಕಿನ ಕೆಲಸದಲ್ಲಿದ್ದಾಗಲೂ ನಿವೃತ್ತಿಯ ನಂತರವೂ ಶಿವಮೊಗ್ಗ ಜಿಲ್ಲೆಯ ಸಂಘಗಳಲ್ಲಿ ಈ ಲೆಕ್ಕವನ್ನು ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಏಳುವ ಮೊದಲ ಅನುಮಾನ ಒಂದೇ, ಅದಕ್ಕೆ ನೀವು ಸಿದ್ಧರಾಗಿರಬೇಕು. ಬಡ್ಡಿ ಶೇ. 6.7 ಎಂದರೆ, ವರ್ಷಕ್ಕೆ ಕಟ್ಟಿದ 2,400 ರೂಪಾಯಿಗೆ 160 ರೂಪಾಯಿ ಬರಬೇಕಲ್ಲ, 88 ಏಕೆ ಬರುತ್ತದೆ? ಈ ಪ್ರಶ್ನೆ ಕೇಳುವವರು ಲೆಕ್ಕ ಬಲ್ಲವರು, ಅವರನ್ನು ಅವಸರದಲ್ಲಿ ಕೂರಿಸಬೇಡಿ. 2,400 ರೂಪಾಯಿ ವರ್ಷವಿಡೀ ಅಂಚೆ ಕಚೇರಿಯಲ್ಲಿ ಇರಲಿಲ್ಲ ಎಂಬುದು ಉತ್ತರ. ಮೊದಲ ತಿಂಗಳ 200 ರೂಪಾಯಿ ಹನ್ನೆರಡು ತಿಂಗಳು ಅಲ್ಲಿ ಕೂತು ದುಡಿಯಿತು, ಆರನೆಯ ತಿಂಗಳದ್ದು ಏಳು ತಿಂಗಳು ದುಡಿಯಿತು, ಕೊನೆಯ ತಿಂಗಳದ್ದು ಒಂದೇ ತಿಂಗಳು ದುಡಿದು ಒಂದು ರೂಪಾಯಿ ಚಿಲ್ಲರೆ ತಂದಿತು. ಎಲ್ಲವನ್ನೂ ಕೂಡಿಸಿದರೆ ಆ ಹಣ ಸರಾಸರಿ ಆರೂವರೆ ತಿಂಗಳು ಇದ್ದ ಹಾಗೆ ಆಯಿತು, ಬಡ್ಡಿಯೂ ಅಷ್ಟಕ್ಕೇ ಬಂತು. ಅದೇ 2,400 ರೂಪಾಯಿ ಎರಡನೆಯ ವರ್ಷದಲ್ಲಿ ಪೂರ್ತಿ ಹನ್ನೆರಡು ತಿಂಗಳು ಇರುತ್ತದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವುದರಿಂದ ಆಗ ಅದೊಂದೇ 165 ರೂಪಾಯಿ ತರುತ್ತದೆ.

ಈ ಒಂದು ವಿಷಯ ಅರ್ಥವಾದರೆ ಮುಂದಿನದೆಲ್ಲ ಸುಲಭ, ಏಕೆಂದರೆ ಆರ್‌ಡಿಯಲ್ಲಿ ದುಡಿಯುವುದು ಹಳೆಯ ಹಣ. ಮೊದಲ ತಿಂಗಳು ಕಟ್ಟಿದ ಆ ಒಂದು ಇನ್ನೂರನ್ನೇ ಬೇರೆಯಾಗಿ ತೆಗೆದಿಟ್ಟು ನೋಡಿ. ಅದು ಐದು ವರ್ಷಕ್ಕೆ 279 ಆಗುತ್ತದೆ, ಅಂದರೆ 79 ಸೇರಿತು. ಹತ್ತು ವರ್ಷಕ್ಕೆ 389 ಆಗುತ್ತದೆ, ಅಂದರೆ ಎರಡನೆಯ ಐದು ವರ್ಷದಲ್ಲಿ 110 ಸೇರಿತು. ಇದೇ ದರದಲ್ಲಿ ಇಪ್ಪತ್ತು ವರ್ಷ ಬಿಟ್ಟರೆ 755 ಆಗುತ್ತದೆ, ಅದರಲ್ಲಿ ಕೊನೆಯ ಐದು ವರ್ಷದ ಪಾಲೇ 213. ಆ ಇನ್ನೂರಕ್ಕೆ ಯಾರೂ ಮತ್ತೆ ಒಂದು ಪೈಸೆ ಸೇರಿಸಿಲ್ಲ, ಬಡ್ಡಿಯ ದರವೂ ಹೆಚ್ಚಿಲ್ಲ. ಹಿಂದಿನ ಬಡ್ಡಿ ಹೊರಗೆ ಹೋಗದೆ ಅಸಲಿನ ಜೊತೆ ಉಳಿದದ್ದು ಮಾತ್ರ ಕಾರಣ. ಚಕ್ರಬಡ್ಡಿ ಎಂಬ ಪದ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಸಾಲ ತಂದವರ ಮನೆಯಲ್ಲಿ ಅದರ ಹೊಡೆತ ಏನೆಂದು ನೋಡಿದವರೇ ಎಲ್ಲರೂ. ಅದೇ ಚಕ್ರ ಇಲ್ಲಿ ನಮ್ಮ ಕಡೆ ತಿರುಗುತ್ತದೆ ಎಂದು ಹೇಳಿದರೆ ಸಾಕು, ಪದದ ವಿವರಣೆಗೆ ಸಮಯ ಕಳೆಯಬೇಕಾಗಿಲ್ಲ.

ಇನ್ನು ತೋರಿಸುವ ಬಗೆ. ಮೊದಮೊದಲು ನಾನು ಕಪ್ಪುಹಲಗೆಯ ಮೇಲೆ ಬಾಗಿ ಮೇಲೇರುವ ಗೆರೆಯನ್ನು ಎಳೆಯುತ್ತಿದ್ದೆ. ಅಡಿಕೆ ಸುಲಿತದ ಕಾಲದಲ್ಲಿ ನಡೆದ ಒಂದು ಸಭೆಯಲ್ಲಿ, ಮಧ್ಯಾಹ್ನದವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಕೈಯೆಲ್ಲ ಕಪ್ಪಾಗಿದ್ದ ಹಿರಿಯರೊಬ್ಬರು, "ನಾವು ಕಟ್ಟುವುದು ಪ್ರತಿ ವರ್ಷ ಅಷ್ಟೇ ಅಲ್ಲವಾ ಮೇಡಂ, ಗೆರೆ ಮಾತ್ರ ಯಾಕೆ ಮೇಲೆ ಹೋಯಿತು?" ಎಂದು ಕೇಳಿದರು. ಗೆರೆಯಲ್ಲಿ ಕಟ್ಟಿದ ಹಣವೂ ಬಡ್ಡಿಯೂ ಬಡ್ಡಿಯ ಬಡ್ಡಿಯೂ ಒಂದರಲ್ಲಿ ಒಂದು ಕರಗಿಹೋಗಿರುತ್ತವೆ, ಆದ್ದರಿಂದ ಅವರ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಚಾಪೆಯ ಮೇಲೆ ಕಾಳುಗಳನ್ನು ಇಟ್ಟು ತೋರಿಸುತ್ತೇನೆ.

ನಿಮಗೆ ಬೇಕಾಗುವುದು ಸುಮಾರು 290 ಸುಲಿದ ಅಡಿಕೆ, 140 ಹುಣಸೆ ಬೀಜ ಮತ್ತು 60 ಗುಲಗಂಜಿ. ಪ್ರತಿಯೊಂದು ಕಾಳೂ ನೂರು ರೂಪಾಯಿ ಎಂದು ಲೆಕ್ಕ. ಅಡಿಕೆ ಎಂದರೆ ಕೈಯಿಂದ ಕಟ್ಟಿದ ಹಣ. ಹುಣಸೆ ಬೀಜ ಎಂದರೆ ಕಟ್ಟಿದ ಹಣಕ್ಕೆ ಆಯಾ ವರ್ಷ ಬಂದ ಬಡ್ಡಿ. ಗುಲಗಂಜಿ ಎಂದರೆ ಹಿಂದಿನ ವರ್ಷಗಳ ಬಡ್ಡಿಗೆ ಬಂದ ಬಡ್ಡಿ. ಗುಲಗಂಜಿಯ ಕಾಳು ವಿಷವಾದ್ದರಿಂದ ತಾಯಂದಿರ ಜೊತೆ ಬಂದ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಎಣಿಸಿ ಇಟ್ಟು ಎಣಿಸಿಯೇ ತೆಗೆಯಿರಿ. ಅದು ಬೇಡವೆನಿಸಿದರೆ ಕೆಂಪು ಅಲಸಂದೆಯೂ ಆಗುತ್ತದೆ. ಒಂದು ವರ್ಷಕ್ಕೆ ಒಂದು ಸಾಲು. ಇಡುವ ಕೆಲಸವನ್ನು ಸದಸ್ಯರೇ ಮಾಡಲಿ, ನೀವು ಅಂಕಿಯನ್ನು ಮಾತ್ರ ಓದಿ.

ಮೊದಲ ಸಾಲಿನಲ್ಲಿ 24 ಅಡಿಕೆ, ಪಕ್ಕದಲ್ಲಿ ಒಂದು ಹುಣಸೆ ಬೀಜ. ಬಡ್ಡಿ 88 ರೂಪಾಯಿ, ಬೀಜ ಪೂರ್ತಿಯೂ ಅಲ್ಲ. ಎರಡನೆಯ ಸಾಲಿನಲ್ಲಿ ಮತ್ತೆ 24 ಅಡಿಕೆ, ಎರಡೂವರೆ ಬೀಜ. ಮೂರನೆಯದರಲ್ಲಿ ನಾಲ್ಕು, ನಾಲ್ಕನೆಯದರಲ್ಲಿ ಆರಕ್ಕೆ ಸ್ವಲ್ಪ ಕಡಿಮೆ. ಇಲ್ಲಿಯವರೆಗೆ ಗುಲಗಂಜಿಯ ಡಬ್ಬಿಯನ್ನು ಯಾರೂ ಮುಟ್ಟುವ ಹಾಗಿಲ್ಲ, ಏಕೆಂದರೆ ನಾಲ್ಕನೆಯ ವರ್ಷದಲ್ಲಿಯೂ ಬಡ್ಡಿಗೆ ಬಂದ ಬಡ್ಡಿ 54 ರೂಪಾಯಿ ಮಾತ್ರ, ಒಂದು ಕಾಳಿಗೂ ಸಾಲದು. ಐದನೆಯ ವರ್ಷದಲ್ಲಿ ಅದು 98 ರೂಪಾಯಿ ಆಗುತ್ತದೆ. ಐದನೆಯ ಸಾಲಿನಲ್ಲಿ 24 ಅಡಿಕೆ, ಏಳೂವರೆ ಹುಣಸೆ ಬೀಜ ಮತ್ತು ಮೊದಲ ಗುಲಗಂಜಿ.

ಈ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಸದಸ್ಯರು ಹಣ ತೆಗೆಯಬೇಕೆಂದು ಹೇಳುತ್ತಿರುವುದು ಸರಿಯಾಗಿ ಇದೇ ಹಂತದಲ್ಲಿ. ಅಲ್ಲಿಯವರೆಗೆ ಚಾಪೆಯ ಮೇಲೆ ಕಂಡದ್ದು ಹೆಚ್ಚುಕಡಿಮೆ ಅವರದ್ದೇ 120 ಅಡಿಕೆ, ಅದಕ್ಕೆ ಬಂದ ಸಾಧಾರಣ ಬಡ್ಡಿ. ಹೇಳಿಕೊಳ್ಳುವಂಥ ಬೆಳವಣಿಗೆ ಕಾಣಲಿಲ್ಲ ಎಂಬ ಅವರ ಮಾತು ಆ ಐದು ಸಾಲುಗಳ ಮಟ್ಟಿಗೆ ನಿಜ.

ನಂತರದ ಐದು ಸಾಲುಗಳನ್ನು ಇಡಿಸಿ. ಅಡಿಕೆ ಪ್ರತಿ ಸಾಲಿನಲ್ಲಿಯೂ 24ರಲ್ಲಿಯೇ ನಿಂತಿರುತ್ತದೆ. ಎಂಟನೆಯ ಸಾಲಿನಲ್ಲಿ ಹನ್ನೆರಡೂವರೆ ಹುಣಸೆ ಬೀಜ, ಮೂರು ಗುಲಗಂಜಿ. ಹತ್ತನೆಯ ಸಾಲಿನಲ್ಲಿ ಹುಣಸೆ ಬೀಜ ಹದಿನಾರು, ಗುಲಗಂಜಿ ಐದೂವರೆ. ಆ ಒಂದೇ ವರ್ಷದ ಬಡ್ಡಿ ಸುಮಾರು 2,125 ರೂಪಾಯಿ. ಐದು ವರ್ಷ ಪೂರ್ತಿ ಕಟ್ಟಿ ಪಡೆದ ಬಡ್ಡಿ 2,273 ಆಗಿತ್ತು, ಈಗ ಹತ್ತಿರಹತ್ತಿರ ಅಷ್ಟೇ ಬಡ್ಡಿ ಒಂದೇ ವರ್ಷದಲ್ಲಿ ಬಂತು. ಹನ್ನೊಂದನೆಯ ಸಾಲನ್ನೂ ಇಡಿಸಿ: ಒಂದು ಕಡೆ 24 ಅಡಿಕೆ, ಇನ್ನೊಂದು ಕಡೆ ಹದಿನೇಳು ಹುಣಸೆ ಬೀಜ ಮತ್ತು ಏಳು ಗುಲಗಂಜಿ ಸೇರಿ 24 ಕಾಳು. ಆ ವರ್ಷ ಕೈಯಿಂದ ಕಟ್ಟಿದ್ದೂ ತಾನಾಗಿ ಬಂದದ್ದೂ ಸರಿಸಮ. ಕೊನೆಗೆ ಸ್ವಲ್ಪ ಜಾಗ ಬಿಟ್ಟು, ಇದೇ ದರ ಇಪ್ಪತ್ತು ವರ್ಷ ನಡೆದರೆ ಎಂದು ಹೇಳಿ ಇಪ್ಪತ್ತನೆಯ ಸಾಲನ್ನು ಒಂಟಿಯಾಗಿ ಇಡಿಸಿ. ಅಲ್ಲಿ 24 ಅಡಿಕೆ, 32 ಹುಣಸೆ ಬೀಜ, 32 ಗುಲಗಂಜಿ. ಆ ವರ್ಷದ ಬಡ್ಡಿಯ ಅರ್ಧ ಭಾಗ ಬಡ್ಡಿಗೆ ಬಂದ ಬಡ್ಡಿ.

ಕಾಳುಗಳನ್ನು ಎಣಿಸಿ ಮುಗಿದ ನಂತರ ಮೊತ್ತಗಳನ್ನು ಹೇಳಿ, ಮೊದಲು ಹೇಳಬೇಡಿ. ಐದು ವರ್ಷಕ್ಕೆ ಕಟ್ಟಿದ್ದು 12,000, ಕೈಗೆ ಬರುವುದು 14,273. ಹತ್ತು ವರ್ಷಕ್ಕೆ ಕಟ್ಟಿದ್ದು 24,000, ಬರುವುದು 34,171. ಇಪ್ಪತ್ತು ವರ್ಷಕ್ಕೆ ಕಟ್ಟಿದ್ದು 48,000, ಬರುವುದು 1,00,579. ಬಡ್ಡಿಯನ್ನು ಪ್ರತಿ ವರ್ಷ ಹೊರಗೆ ತೆಗೆದು ಹಂಚಿಕೊಂಡಿದ್ದರೆ ಕಳೆದುಕೊಳ್ಳುತ್ತಿದ್ದುದು ಐದು ವರ್ಷದಲ್ಲಿ 182 ರೂಪಾಯಿ, ಹತ್ತು ವರ್ಷದಲ್ಲಿ ಸುಮಾರು 1,870, ಇಪ್ಪತ್ತು ವರ್ಷದಲ್ಲಿ ಸುಮಾರು 19,480. ಅವಧಿ ಎರಡು ಪಟ್ಟು ಆದಾಗಲೆಲ್ಲ ಗುಲಗಂಜಿ ಹತ್ತು ಪಟ್ಟು ಆಗಿರುವುದನ್ನು ಈ ಮೂರು ಅಂಕಿಗಳಲ್ಲಿ ಅವರೇ ಗುರುತಿಸುತ್ತಾರೆ.

ಐದು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಮತ್ತೆ ಮೊದಲಿನಿಂದ ಆರಂಭಿಸುವವರ ಲೆಕ್ಕ ಇನ್ನೂ ಬೇರೆ. ಅವರು ಇಪ್ಪತ್ತು ವರ್ಷದಲ್ಲಿ ಅದೇ 48,000 ಕಟ್ಟಿ, ನಾಲ್ಕು ಸಲ 14,273ರಂತೆ ಒಟ್ಟು 57,092 ಪಡೆಯುತ್ತಾರೆ. ಚಾಪೆಯ ಮೇಲೆ ಇದನ್ನು ತೋರಿಸುವುದಾದರೆ ಮೊದಲ ಐದು ಸಾಲುಗಳನ್ನು ನಾಲ್ಕು ಸಲ ಇಟ್ಟ ಹಾಗೆ. ನಾಲ್ಕು ಸಲವೂ ಮೊದಲ ಗುಲಗಂಜಿ ಬಂದ ಕೂಡಲೇ ಚಾಪೆಯನ್ನು ಮಡಚಿದ ಹಾಗೆ. ಹಣ ತೆಗೆದವರು ಅದನ್ನು ಪೋಲು ಮಾಡಿದರು ಎಂದು ಮಾತ್ರ ಹೇಳಬೇಡಿ, ಅದು ನ್ಯಾಯವಲ್ಲ. ನಾಲ್ಕು ಸಲ ಅವರಿಗೆ ಓಲೆಯೋ ಹೊಲಿಗೆ ಯಂತ್ರವೋ ಮಕ್ಕಳ ಫೀಸೋ ಆಗಿರುತ್ತದೆ. ತೆಗೆಯುವಾಗ ಅವರು ತೆಗೆಯುತ್ತಿರುವುದು ದುಡಿಯಲು ಆಗತಾನೆ ಹದಕ್ಕೆ ಬಂದ ಹಳೆಯ ಹಣವನ್ನು, ಮರುದಿನ ಹಾಕುವುದು ಒಂದು ತಿಂಗಳಿಗೆ ಒಂದು ರೂಪಾಯಿ ತರುವ ಹೊಸ ಹಣವನ್ನು ಎಂಬ ಅಂಶ ತಿಳಿದಿದ್ದು ತೆಗೆದರೆ ಸಾಕು. ಇನ್ನು ಓಲೆಯ ಮಾತು ಬಂದಿದೆಯಾದ್ದರಿಂದ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಚಿನ್ನದ ಬೆಲೆ ಏರಬಹುದು, ಆದರೆ ಕೊಳ್ಳುವಾಗ ಕೊಟ್ಟ ಮಜೂರಿ ಮತ್ತು ವೇಸ್ಟೇಜು ಮಾರುವಾಗ ವಾಪಸು ಬರುವುದಿಲ್ಲ, ಸಣ್ಣ ಒಡವೆಯಲ್ಲಿ ಆ ಪಾಲು ಸಾಮಾನ್ಯವಾಗಿ ದೊಡ್ಡದೇ ಇರುತ್ತದೆ. ಹಾಕಿಕೊಳ್ಳಲು ಓಲೆ ಬೇಕಾದರೆ ಮಾಡಿಸಲಿ. ಉಳಿತಾಯಕ್ಕೆಂದು ಮಾಡಿಸುವುದು ಬೇಡ.

ಈಗ ಅಂಚೆ ಕಚೇರಿಯ ನಿಯಮಗಳಲ್ಲಿ ಈ ಲೆಕ್ಕಕ್ಕೆ ನೇರವಾಗಿ ಸಂಬಂಧಪಟ್ಟವುಗಳಿಗೆ ಬರೋಣ. ಆರ್‌ಡಿಯ ದರ 2023ರ ಅಕ್ಟೋಬರ್‌ನಲ್ಲಿ ಶೇ. 6.7 ಆಯಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರಗಳನ್ನು ಪರಿಶೀಲಿಸುತ್ತದೆ, ಆದರೆ ಖಾತೆ ತೆರೆದ ದಿನ ಇದ್ದ ದರವೇ ಆ ಖಾತೆಗೆ ಕೊನೆಯವರೆಗೆ ಉಳಿಯುತ್ತದೆ. ಐದು ವರ್ಷ ತುಂಬಿದಾಗ ಅರ್ಜಿ ಕೊಟ್ಟು ಮತ್ತೆ ಐದು ವರ್ಷಕ್ಕೆ ಅದೇ ಖಾತೆಯನ್ನು ಅದೇ ದರದಲ್ಲಿ ಮುಂದುವರಿಸಬಹುದು. ಈ ಸೌಲಭ್ಯದ ಬಗ್ಗೆ ಹಳ್ಳಿಗಳಲ್ಲಿ ತಿಳಿದವರು ಕಡಿಮೆ, ಐದು ವರ್ಷಕ್ಕೆ ಆರ್‌ಡಿ ಮುಗಿಯಿತು ಎಂದೇ ಹೆಚ್ಚಿನವರು ಭಾವಿಸಿದ್ದಾರೆ. ಮುಂದುವರಿಸಿದ ಅವಧಿಯಲ್ಲಿ ಯಾವಾಗ ಬೇಕಾದರೂ ಮುಚ್ಚಬಹುದು. ಪೂರ್ತಿಯಾದ ವರ್ಷಗಳಿಗೆ ಆರ್‌ಡಿಯ ದರವೇ ಸಿಗುತ್ತದೆ, ಅರ್ಧಕ್ಕೆ ನಿಂತ ವರ್ಷಕ್ಕೆ ಮಾತ್ರ ಉಳಿತಾಯ ಖಾತೆಯ ಶೇ. 4 ಸಿಗುತ್ತದೆ. ಹೀಗಾಗಿ ಐದನೆಯ ವರ್ಷದ ಕೊನೆಯಲ್ಲಿ ಮನಸ್ಸು ಡೋಲಾಯಮಾನವಾಗಿರುವವರು ಮುಂದುವರಿಸಿ ನೋಡಿದರೆ ನಷ್ಟವೇನೂ ಇಲ್ಲ.

ನಷ್ಟ ಇರುವುದು ಐದು ವರ್ಷಕ್ಕೆ ಮೊದಲೇ ಮುಚ್ಚುವುದರಲ್ಲಿ. ಮೂರು ವರ್ಷದ ನಂತರ ಖಾತೆಯನ್ನು ಮುಚ್ಚಲು ಅವಕಾಶವಿದೆ, ಆದರೆ ಅವಧಿಗೆ ಒಂದೇ ದಿನ ಮೊದಲು ಮುಚ್ಚಿದರೂ ಪೂರ್ತಿ ಅವಧಿಗೆ ಬಡ್ಡಿ ಉಳಿತಾಯ ಖಾತೆಯ ದರಕ್ಕೆ ಇಳಿಯುತ್ತದೆ. ನಾಲ್ಕು ವರ್ಷ ಕಟ್ಟಿದವರ ಹೆಸರಿನಲ್ಲಿ ಲೆಕ್ಕದ ಪ್ರಕಾರ 1,427 ರೂಪಾಯಿ ಬಡ್ಡಿ ಬೆಳೆದಿರುತ್ತದೆ. ಆ ದಿನ ಮುಚ್ಚಿದರೆ ಕೈಗೆ ಬರುವ ಬಡ್ಡಿ ಸುಮಾರು 800. ಆಸ್ಪತ್ರೆಯ ಖರ್ಚೋ ಶಾಲೆಯ ಖರ್ಚೋ ತಟ್ಟನೆ ಬಂದರೆ ಖಾತೆಯನ್ನು ಮುಚ್ಚದೆ ಅದರ ಮೇಲೆ ಸಾಲ ಕೇಳುವುದು ಮೇಲು. ಹನ್ನೆರಡು ಕಂತು ಕಟ್ಟಿ ಒಂದು ವರ್ಷ ತುಂಬಿದವರಿಗೆ ಖಾತೆಯಲ್ಲಿರುವ ಮೊತ್ತದ ಅರ್ಧದವರೆಗೆ ಸಾಲ ಸಿಗುತ್ತದೆ, ಅದರ ಬಡ್ಡಿ ಆರ್‌ಡಿಯ ದರಕ್ಕಿಂತ ಶೇ. 2 ಹೆಚ್ಚು, ಅಂದರೆ ನಿಮಗೆ ಶೇ. 8.7. ನಿಮ್ಮಲ್ಲಿ ಎಲ್ಲರೂ ಈಗಲೇ ಇದಕ್ಕೆ ಅರ್ಹರು. ಸಾಲ ತೆಗೆದರೂ ಹಳೆಯ ಹಣ ಇದ್ದಲ್ಲಿಯೇ ಇದ್ದು ದುಡಿಯುತ್ತಿರುತ್ತದೆ.

ಮಲೆನಾಡಿನಲ್ಲಿ ಸರಪಳಿ ತುಂಡಾಗುವ ಇನ್ನೊಂದು ಜಾಗ ಮಳೆಗಾಲ. ದೀಪಾವಳಿಯಿಂದ ಸಂಕ್ರಾಂತಿಯ ಆಚೆಯವರೆಗೆ ಕೊಯ್ಲು ಮತ್ತು ಸುಲಿತದಿಂದ ಕೈಯಲ್ಲಿ ದುಡ್ಡು ಓಡಾಡುತ್ತದೆ. ಜೂನ್ ಬಂದು ಮಳೆ ಹಿಡಿದರೆ ಕೂಲಿ ತಪ್ಪುತ್ತದೆ, ಕಂತೂ ತಪ್ಪುತ್ತದೆ. ಒಂದು ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿಯಂತೆ ನಿಮಗೆ ತಿಂಗಳಿಗೆ ಎರಡು ರೂಪಾಯಿ ದಂಡ, ಅದು ದೊಡ್ಡದಲ್ಲ. ನಾಲ್ಕು ಕಂತು ತಪ್ಪಿದರೆ ಖಾತೆ ಸ್ಥಗಿತವಾಗುತ್ತದೆ, ಎರಡು ತಿಂಗಳೊಳಗೆ ಬಾಕಿ ಕಟ್ಟಿ ಅದನ್ನು ಎಬ್ಬಿಸದಿದ್ದರೆ ಮುಂದೆ ಕಟ್ಟಲು ಬರುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಣಿಸಿದರೆ ಸರಿಯಾಗಿ ನಾಲ್ಕು ತಿಂಗಳು. ಇದಕ್ಕೆ ಉಪಾಯ ನಿಯಮದಲ್ಲಿಯೇ ಇದೆ. ಆರು ತಿಂಗಳ ಕಂತನ್ನು ಒಟ್ಟಿಗೆ ಮುಂಗಡ ಕಟ್ಟಿದರೆ ನೂರು ರೂಪಾಯಿ ಕಂತಿಗೆ 10 ರೂಪಾಯಿ ರಿಯಾಯಿತಿ ಸಿಗುತ್ತದೆ, ಹನ್ನೆರಡು ತಿಂಗಳದ್ದನ್ನು ಕಟ್ಟಿದರೆ 40 ರೂಪಾಯಿ. ನಿಮ್ಮ 200ರ ಕಂತಿಗೆ ಅದು 20 ಮತ್ತು 80 ರೂಪಾಯಿ ಆಯಿತು. ಸುಲಿತದ ಕೂಲಿ ಬಟವಾಡೆಯಾದಾಗ ಸ್ವಲ್ಪ ಸ್ವಲ್ಪ ತೆಗೆದಿಟ್ಟು, ಮಳೆಗೆ ಮೊದಲು 1,200 ರೂಪಾಯಿ ಒಟ್ಟಿಗೆ ಕಟ್ಟಿದವರಿಗೆ ಮಳೆಗಾಲದ ಚಿಂತೆ ಇರುವುದಿಲ್ಲ. ಇದನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ತೀರ್ಮಾನವಾಗಿ ಬರೆಸಿದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಟ್ಟುತ್ತಾರೆ.

ಹತ್ತು ವರ್ಷದ ಆಚೆಗೆ ಅದೇ ಆರ್‌ಡಿ ನಡೆಯುವುದಿಲ್ಲ. ಆಗ ಬಂದ ಮೊತ್ತವನ್ನು ಬಡ್ಡಿ ಒಳಗೇ ಸೇರುವಂಥ ಯೋಜನೆಯಲ್ಲಿ ಇಟ್ಟು, ಹೊಸದೊಂದು ಆರ್‌ಡಿ ತೆರೆಯಬೇಕಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅಂಚೆ ಕಚೇರಿಯ ಐದು ವರ್ಷದ ಟೈಮ್ ಡೆಪಾಸಿಟ್‌ನಲ್ಲಿ ಬಡ್ಡಿಯನ್ನು ವರ್ಷಕ್ಕೊಮ್ಮೆ ಹೊರಗೆ ಕೊಡುತ್ತಾರೆ, ತೆಗೆಯದೆ ಬಿಟ್ಟರೂ ಆ ಬಡ್ಡಿಗೆ ಬಡ್ಡಿ ಸೇರುವುದಿಲ್ಲ. ಅಂದರೆ ಹುಣಸೆ ಬೀಜ ಬರುತ್ತದೆ, ಗುಲಗಂಜಿ ಬರುವುದಿಲ್ಲ. ರಾಷ್ಟ್ರೀಯ ಉಳಿತಾಯ ಪತ್ರ ಮತ್ತು ಕಿಸಾನ್ ವಿಕಾಸ್ ಪತ್ರಗಳಲ್ಲಿ ಬಡ್ಡಿ ಒಳಗೇ ಬೆಳೆದು ಕೊನೆಗೆ ಒಟ್ಟಿಗೆ ಬರುತ್ತದೆ. ಆ ಹೊತ್ತಿನ ದರ ಎಷ್ಟಿರುತ್ತದೋ ಇಂದು ಯಾರೂ ಹೇಳಲಾರರು. ಆದ್ದರಿಂದ ಹತ್ತು ವರ್ಷದ 34,171 ಎಂಬುದನ್ನು ನೀವು ಧೈರ್ಯವಾಗಿ ಹೇಳಬಹುದು. ಇಪ್ಪತ್ತು ವರ್ಷದ ಒಂದು ಲಕ್ಷವನ್ನು ಹೇಳುವಾಗ "ಇದೇ ದರ ಇದ್ದರೆ" ಎಂಬ ಮಾತನ್ನು ಬಿಡಬೇಡಿ.

ಅದರ ಜೊತೆಗೆ ಇನ್ನೊಂದು ಮಾತನ್ನೂ ಬಿಡಬಾರದು. ಸಾಮಾನಿನ ಬೆಲೆ ವರ್ಷಕ್ಕೆ ಶೇ. 5ರಂತೆ ಏರುತ್ತಾ ಹೋದರೆ ಇಂದು 100 ರೂಪಾಯಿಗೆ ಸಿಗುವ ದಿನಸಿಗೆ ಇಪ್ಪತ್ತು ವರ್ಷದ ನಂತರ 265 ರೂಪಾಯಿ ಕೊಡಬೇಕಾಗುತ್ತದೆ. ಅಂದಿನ ಒಂದು ಲಕ್ಷದಲ್ಲಿ ಕೊಳ್ಳಲಾಗುವುದು ಇಂದಿನ 37,700 ರೂಪಾಯಿಯಷ್ಟು ಸಾಮಾನನ್ನು ಮಾತ್ರ. ಬೆಲೆಯೇರಿಕೆಯೂ ಒಂದು ಚಕ್ರಬಡ್ಡಿಯೇ, ಅದು ನಮ್ಮ ವಿರುದ್ಧ ತಿರುಗುತ್ತದೆ. ನಮಗೆ ನಿಜವಾಗಿ ಉಳಿಯುವುದು 6.7ಕ್ಕೂ ಅದಕ್ಕೂ ಇರುವ ಅಂತರ. ಕಟ್ಟುವ ಮೊತ್ತ ಇಪ್ಪತ್ತು ವರ್ಷವೂ 200ರಲ್ಲಿಯೇ ನಿಲ್ಲಬಾರದು ಎನ್ನುವುದಕ್ಕೆ ಕಾರಣ ಇದೇ. ಒಂದು ಆರ್‌ಡಿಯ ಕಂತನ್ನು ನಡುವೆ ಹೆಚ್ಚಿಸಲು ಬರುವುದಿಲ್ಲವಾದ್ದರಿಂದ, ಕೂಲಿ ಏರಿದಾಗ 100 ರೂಪಾಯಿಯ ಇನ್ನೊಂದು ಆರ್‌ಡಿಯನ್ನು ಪಕ್ಕದಲ್ಲಿ ತೆರೆಯುವುದು ಸುಲಭದ ದಾರಿ.

ಸಭೆಯಲ್ಲಿ ಎಲ್ಲರಿಗೂ ಒಂದೇ ಸಲಹೆ ಹೊಂದುವುದಿಲ್ಲ ಎಂಬುದನ್ನು ಕೊನೆಯಲ್ಲಿ ಹೇಳಲೇಬೇಕು, ಇದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ನಿಮ್ಮ ಹದಿನೈದು ಜನರಲ್ಲಿ ಯಾರಾದರೂ ಹೊರಗಿನಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲ ತಂದಿರಬಹುದು. ನೂರಕ್ಕೆ ಮೂರು ಎಂಬುದು ತಿಂಗಳ ಲೆಕ್ಕ, ವರ್ಷಕ್ಕೆ ಅದು ಶೇ. 36. ಹತ್ತು ಸಾವಿರದ ಕೈಸಾಲಕ್ಕೆ ಅವರು ತಿಂಗಳಿಗೆ 300 ರೂಪಾಯಿ ಬಡ್ಡಿ ಕಟ್ಟುತ್ತಿರುತ್ತಾರೆ, ಅದೇ ತಿಂಗಳು ಆರ್‌ಡಿಗೆ 200 ಕಟ್ಟುತ್ತಿರುತ್ತಾರೆ. ಐದು ವರ್ಷ ಕಾದು ಆರ್‌ಡಿಯಲ್ಲಿ ಪಡೆಯುವ 2,273 ರೂಪಾಯಿ ಬಡ್ಡಿ ಆ ಸಾಲದ ಎಂಟು ತಿಂಗಳ ಬಡ್ಡಿಗೂ ಸಾಲುವುದಿಲ್ಲ. ಅಂಥವರಿಗೆ ಗುಲಗಂಜಿಯ ಲೆಕ್ಕ ಹೇಳಿ ಮುಂದುವರಿಸಿ ಎನ್ನುವುದು ತಪ್ಪು. ಅವರು ಸಂಘದಿಂದ ನೂರಕ್ಕೆ ಒಂದು ರೂಪಾಯಿಯ ಒಳಸಾಲವನ್ನೋ ಆರ್‌ಡಿಯ ಮೇಲಿನ ಸಾಲವನ್ನೋ ತೆಗೆದು ಮೊದಲು ಆ ಕೈಸಾಲವನ್ನು ತೀರಿಸಬೇಕು. ಎರಡೂ ಸಾಲದೆ ಹೋದರೆ, ಐದು ವರ್ಷ ತುಂಬಿದ ದಿನ ಆರ್‌ಡಿಯನ್ನು ತೆಗೆದೇ ತೀರಿಸಬೇಕು. ಇದನ್ನು ಸಭೆಯಲ್ಲಿ ಹೆಸರು ಹಿಡಿದು ಕೇಳಬೇಡಿ, ಹೊರಗಿನ ಸಾಲ ಇದೆಯೆಂದು ನಾಲ್ಕು ಜನರ ಮುಂದೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಲೆಕ್ಕವನ್ನು ಎಲ್ಲರೆದುರು ಹೇಳಿ, ಅಡಿಕೆ ಮತ್ತು ಬೀಜಗಳನ್ನು ಚೀಲಕ್ಕೆ ತುಂಬುವ ಹೊತ್ತಿನಲ್ಲಿ ಸ್ವಲ್ಪ ನಿಧಾನ ಮಾಡಿ. ಕೇಳಬೇಕಾದವರು ಆ ಹೊತ್ತಿನಲ್ಲಿ ಹತ್ತಿರ ಬಂದು ಕೇಳುತ್ತಾರೆ.